ಮೆಚ್ಚುಗೆಯಲ್ಲ, ಮುಂಗಡ ಕೇಳಿ

ಯುವಕ ಸಂಘದ ಗೆಳೆಯರೇ, ಉದ್ಯಮದ ಐಡಿಯಾ ಹುಡುಕಲು ಹೊರಟವರು ಮೊದಲು ಹೋಗಬೇಕಾದದ್ದು ಜನ ಈಗಾಗಲೇ ಒದ್ದಾಡುತ್ತಿರುವ ಜಾಗಕ್ಕೆ.

2005ರ ದೀಪಾವಳಿಗೆ ಊರಿಗೆ ಹೋಗಲು ಬೆಂಗಳೂರಿನ ಎಂಜಿನಿಯರ್ ಫಣೀಂದ್ರ ಸಾಮಾ ಅವರಿಗೆ ಹೈದರಾಬಾದಿನ ಬಸ್ ಟಿಕೆಟ್ ಸಿಗಲಿಲ್ಲ. ಇಂಥದ್ದು ಎಲ್ಲರಿಗೂ ಆಗುತ್ತದೆ. ಅವರು ಮಾತ್ರ ಟಿಕೆಟ್ ಏಜೆಂಟರ ಬಳಿ, ಬಸ್ ಮಾಲೀಕರ ಬಳಿ ಹೋಗಿ ವ್ಯವಹಾರ ಹೇಗೆ ನಡೆಯುತ್ತದೆಂದು ವಿಚಾರಿಸಿದರು. ಏಜೆಂಟರು ಸೀಟು ಹಿಡಿಯುತ್ತಿದ್ದದ್ದು ಫೋನಿನಲ್ಲಿ. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಉಳಿದಿದೆ ಎಂಬುದು ಯಾರಿಗೂ ಒಟ್ಟಿಗೆ ಕಾಣುತ್ತಿರಲಿಲ್ಲ. ಅವರೂ ಗೆಳೆಯರೂ ಸೇರಿ ಇದಕ್ಕೊಂದು ಸಾಫ್ಟ್‌ವೇರ್ ಬರೆದರು. ಆದರೆ ಬಸ್ಸಿನವರು ಅದನ್ನು ಬಳಸಲು ಮುಂದಾಗಲಿಲ್ಲ. ಆಗ ಕೆಲವು ಸೀಟುಗಳನ್ನು ತಾವೇ ಪಡೆದು ಆನ್‌ಲೈನಿನಲ್ಲಿ ಮಾರತೊಡಗಿದರು. 2006ರಲ್ಲಿ ರೆಡ್‌ಬಸ್ ಹುಟ್ಟಿದ್ದು ಹೀಗೆ. ತೊಂದರೆ ನಿಜವಾಗಿತ್ತು, ಮೊದಲ ಪರಿಹಾರ ಹೊಂದಲಿಲ್ಲ. ಟಿಕೆಟ್ ಮಾರಾಟವಾದ ಮೇಲೆ ಯಾರು ದುಡ್ಡು ಕೊಡುತ್ತಾರೆಂಬುದು ತಿಳಿಯಿತು.

ಇದನ್ನೇ ನಮ್ಮೂರಿಗೆ ತರೋಣ. ಬೋರ್‌ವೆಲ್ ಮೋಟಾರ್ ಸುಟ್ಟರೆ ರೈತ ಏನು ಮಾಡುತ್ತಾನೆ? ಪೈಪ್ ಎತ್ತಿಸಿ, ಮೋಟಾರನ್ನು ಪೇಟೆಯ ವೈಂಡಿಂಗ್ ಅಂಗಡಿಗೆ ಹಾಕಿ, ಅದು ಬರುವ ತನಕ ಪಕ್ಕದವರ ನೀರು ಕೇಳುತ್ತಾನೆ. ‘ಬಾಡಿಗೆಗೆ ಮೋಟಾರ್ ಕೊಟ್ಟರೆ ತಗೋತೀರಾ?’ ಎಂದು ಕೇಳಿದರೆ ಎಲ್ಲರೂ ‘ಒಳ್ಳೇದಪ್ಪ, ಮಾಡು’ ಅನ್ನುತ್ತಾರೆ. ಆ ಮಾತನ್ನು ನಂಬಿ ಸಾಲ ಮಾಡಬೇಡಿ. ಬದಲಿಗೆ, ‘ಹಿಂದಿನ ಸಲ ಯಾವಾಗ ಸುಟ್ಟಿತ್ತು? ಎಷ್ಟು ದಿನ ನೀರಿಲ್ಲ? ಆಗ ಎಷ್ಟು ಖರ್ಚಾಯಿತು?’ ಎಂದು ಕೇಳಿ. ನಡೆದು ಹೋದದ್ದನ್ನು ಜನ ಸರಿಯಾಗಿ ಹೇಳುತ್ತಾರೆ, ಮುಂದಿನದನ್ನು ಅಂದಾಜಿನಲ್ಲಿ ಹೇಳುತ್ತಾರೆ. ಹೋದ ವರ್ಷ ಅದಕ್ಕಾಗಿ ಯಾರೂ ಖರ್ಚು ಮಾಡಿಲ್ಲ, ಓಡಾಡಿಲ್ಲ ಎಂದಾದರೆ ಆ ತೊಂದರೆಗೆ ದುಡ್ಡು ಬರುವುದಿಲ್ಲ.

ವೈಂಡಿಂಗ್ ಅಂಗಡಿಯಲ್ಲೂ ಒಂದಿಷ್ಟು ದಿನ ಕುಳಿತು ನೋಡಿ. ವಾರಕ್ಕೆ ಎಷ್ಟು ಮೋಟಾರ್ ಬರುತ್ತವೆ, ಎಷ್ಟು ಎಚ್‌ಪಿಯವು ಎಂದು ಬರೆದುಕೊಳ್ಳಿ. ತೊಡಕು ಇಲ್ಲೇ ಕಾಣಿಸುತ್ತದೆ: ಒಬ್ಬೊಬ್ಬರ ಬೋರಿನ ಆಳ ಬೇರೆ, ಎಚ್‌ಪಿ ಬೇರೆ. ಎಲ್ಲ ಅಳತೆಯ ಮೋಟಾರ್ ಇಟ್ಟುಕೊಂಡರೆ ಬಂಡವಾಳ ಗೋಡೌನಿನಲ್ಲೇ ಮಲಗುತ್ತದೆ. ಹೆಚ್ಚಿನವು ಒಂದೆರಡು ಅಳತೆಯವೇ ಆಗಿದ್ದರೆ ದಾರಿ ಇದೆ.

ಕೊನೆಯ ಪರೀಕ್ಷೆ ಮುಂಗಡ. ಮೋಟಾರ್ ಕೊಳ್ಳುವ ಮುಂಚೆ, ‘ಬೇಸಿಗೆಗೆ ನಿಮ್ಮ ಹೆಸರು ಬರೆದುಕೊಳ್ಳುತ್ತೇನೆ, 500 ರೂಪಾಯಿ ಕೊಡಿ, ನಾನು ಶುರು ಮಾಡದಿದ್ದರೆ ವಾಪಸ್’ ಎಂದು ಹತ್ತು ರೈತರನ್ನು ಕೇಳಿ. ನಾಲ್ಕೈದು ಜನ ಕೊಟ್ಟರೆ ಒಂದು ಮೋಟಾರಿನಿಂದ ಶುರು ಮಾಡಿ. ಯಾರೂ ಕೊಡದಿದ್ದರೆ ಕಾರಣ ಕೇಳಿ, ಬರೆದುಕೊಳ್ಳಿ. ‘ಮೋಟಾರ್ ಸಿಕ್ಕರೂ ಪೈಪ್ ಎತ್ತುವವರು ಸಿಗೋದಿಲ್ಲ’ ಎಂದು ಮೂವರು ಹೇಳಿದರೆ, ನೀವು ಮುಂದೆ ವಿಚಾರಿಸಬೇಕಾದ ಕೆಲಸ ಅದೇ.