ಮತ್ತೊಮ್ಮೆ ಪರೀಕ್ಷೆ ಮಾಡಲು ಅನುಮತಿ ಕೋರಿ

ಪಾಲಿಟೆಕ್ನಿಕ್‌ನ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬಿನಲ್ಲಿ ಮೇಷ್ಟ್ರ ಕೈಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಒಂದೇ ಮಾತು ಹೇಳುತ್ತವೆ: ‘ಗಡಸುತನ ಪರೀಕ್ಷೆಯಲ್ಲಿ ಸರಿಯಾದ ರೀಡಿಂಗ್ ಬಂದಿಲ್ಲ, ದಯವಿಟ್ಟು ಇನ್ನೊಂದು ಅವಕಾಶ ಕೊಡಿ.’ ಇದನ್ನು ಓದಿದ ಮೇಷ್ಟ್ರಿಗೆ ಉತ್ತರ ಬೇಕಾದ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಕೆಟ್ಟದ್ದು ಪರೀಕ್ಷೆಯೋ, ಉಕ್ಕಿನ ತುಂಡೋ? ಪರೀಕ್ಷೆ ಕೆಟ್ಟಿದ್ದರೆ ಮತ್ತೆ ಮಾಡುವುದು ನ್ಯಾಯ. ತುಂಡೇ ಮೆತ್ತಗಿದ್ದರೆ ಬಂದ ಅಂಕಿಯೇ ಸರಿಯಾದ ಉತ್ತರ, ಮತ್ತೆ ಎಷ್ಟು ಸಲ ಮಾಡಿದರೂ ಅದೇ ಬರಬೇಕು. ಅರ್ಜಿ ಬರೆಯುವ ವಿದ್ಯಾರ್ಥಿ ಈ ಎರಡನ್ನೂ ಬೇರ್ಪಡಿಸಿ ತೋರಿಸಬೇಕು. ಅದಕ್ಕೆ ಯಂತ್ರ ಏನನ್ನು ಅಳೆಯುತ್ತದೆ ಎಂದು ಮೊದಲು ತಿಳಿದಿರಬೇಕು.

ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಕಾಣುವುದು ರಾಕ್‌ವೆಲ್ ಯಂತ್ರ. ಅಮೆರಿಕದ ಕನೆಕ್ಟಿಕಟ್‌ನ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ 1914ರಲ್ಲಿ ಇದರ ಪೇಟೆಂಟಿಗೆ ಅರ್ಜಿ ಹಾಕಿದರು. ಬೇರಿಂಗ್ ಬಳೆಗಳು ಸರಿಯಾಗಿ ಗಡಸಾಗಿವೆಯೇ ಎಂದು ಬೇಗ ತಿಳಿಯುವ ಉಪಾಯ ಅವರಿಗೆ ಬೇಕಿತ್ತು. ಗಡಸು ಉಕ್ಕಿಗೆ ಬಳಸುವ ‘ಸಿ’ ಸ್ಕೇಲಿನಲ್ಲಿ 120 ಡಿಗ್ರಿ ಕೋನದ ವಜ್ರದ ಮೊನೆಯೊಂದು ತುಂಡಿನ ಮೇಲೆ ಕೂರುತ್ತದೆ. ಮೊದಲು 10 ಕಿಲೋ ಭಾರ ಬೀಳುತ್ತದೆ. ಆಗ ಮೊನೆ ನಿಂತ ಜಾಗವೇ ಸೊನ್ನೆ. ನಂತರ ಲಿವರ್ ಬಿಟ್ಟರೆ ಒಟ್ಟು ಭಾರ 150 ಕಿಲೋಗೆ ಏರಿ ಮೊನೆ ಇನ್ನಷ್ಟು ಇಳಿಯುತ್ತದೆ. ಲಿವರನ್ನು ಹಿಂದಕ್ಕೆ ತಂದು ಭಾರವನ್ನು ಮತ್ತೆ 10 ಕಿಲೋಗೆ ಇಳಿಸಿದ ಮೇಲೆ, ಸೊನ್ನೆಯಿಂದ ಎಷ್ಟು ಆಳದ ಗುಳಿ ಉಳಿಯಿತು ಎಂಬುದನ್ನು ಡಯಲ್ ತೋರಿಸುತ್ತದೆ.

ಆಳ ಅಂಕಿಯಾಗುವ ಲೆಕ್ಕ ಸರಳ. ಪ್ರತಿ 0.002 ಮಿಲಿಮೀಟರ್ ಇಳಿತಕ್ಕೆ 100ರಿಂದ ಒಂದು ಅಂಕ ಕಳೆಯುತ್ತದೆ. ಗುಳಿ 0.1 ಮಿ.ಮೀ. ಇದ್ದರೆ 50 ಅಂಕ ಹೋಗಿ 50 ಉಳಿಯುತ್ತದೆ. ಮೊನೆ ಉಕ್ಕಿನೊಳಗೆ ಇಳಿಯಿತೋ, ಅಥವಾ ಉಕ್ಕಿನ ತುಂಡೇ ಕೆಳಗೆ ಕುಸಿಯಿತೋ ಎಂಬ ವ್ಯತ್ಯಾಸ ಯಂತ್ರಕ್ಕೆ ಗೊತ್ತಾಗದು. ಎರಡೂ ಅದಕ್ಕೆ ಇಳಿತವೇ. ತುಂಡಿನ ಅಡಿಯಲ್ಲಿ ಏನಾದರೂ ಪುಡಿಯಾಗಿ 0.02 ಮಿ.ಮೀ. ಜಗ್ಗಿದರೆ ಸಾಕು, 10 ಅಂಕ ಹೋಯಿತು. ತಲೆಗೂದಲಿನ ದಪ್ಪ ಇದಕ್ಕಿಂತ ಎಷ್ಟೋ ಹೆಚ್ಚು.

ಒಂದು ಪ್ರಸಂಗ ತೆಗೆದುಕೊಳ್ಳೋಣ. ವರ್ಕ್‌ಶಾಪ್‌ಗಳಲ್ಲಿ ಇಎನ್8 ಎಂದು ಕರೆಯುವ, ಸುಮಾರು ಶೇ. 0.4 ಕಾರ್ಬನ್ ಇರುವ ಉಕ್ಕಿನ 25 ಮಿ.ಮೀ. ವ್ಯಾಸದ ಸರಳಿನಿಂದ 20 ಮಿ.ಮೀ. ದಪ್ಪದ ತುಂಡು ಕತ್ತರಿಸಿದ್ದಾರೆ. ಮಫಲ್ ಫರ್ನೇಸಿನಲ್ಲಿ 850 ಡಿಗ್ರಿಗೆ ಕಾಯಿಸಿ ನೀರಿಗೆ ಹಾಕಿದ್ದಾರೆ. ಮೇಲ್ಮುಖವನ್ನು ಗ್ರೈಂಡ್ ಮಾಡಿ, ಎಮರಿ ಪೇಪರಿನಲ್ಲಿ ಉಜ್ಜಿ ಹೊಳೆಯುವಂತೆ ಮಾಡಿದ್ದಾರೆ. 50ರ ಆಸುಪಾಸು ಬರಬೇಕು. ಬಂದದ್ದು 51, 38, 46, 29, 50.

ಇಲ್ಲಿ ವಿದ್ಯಾರ್ಥಿಯ ಮುಂದೆ ಎರಡು ಅಡ್ಡದಾರಿಗಳಿವೆ. ಐದರ ಸರಾಸರಿ ತೆಗೆದರೆ 42.8 ಬರುತ್ತದೆ. ನೋಡಲು ಮರ್ಯಾದಸ್ಥ ಅಂಕಿ, ಆದರೆ ಆ ತುಂಡಿನ ಯಾವ ಜಾಗದ ಗಡಸುತನವೂ ಅದಲ್ಲ. ಇನ್ನೊಂದು ದಾರಿ, 38 ಮತ್ತು 29ನ್ನು ಸುಮ್ಮನೆ ಬಿಟ್ಟು ಉಳಿದ ಮೂರರಿಂದ 49 ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆಯುವುದು. ಇದು ಇನ್ನೂ ಕೆಟ್ಟದ್ದು. ಬೇಕಾದ ಉತ್ತರವನ್ನು ಮೊದಲೇ ಇಟ್ಟುಕೊಂಡು ಅದಕ್ಕೆ ಒಪ್ಪುವ ಅಂಕಿಗಳನ್ನು ಮಾತ್ರ ಉಳಿಸಿಕೊಂಡಂತಾಯಿತು. ಅರ್ಜಿ ಬರೆದು ಮತ್ತೆ ಪರೀಕ್ಷೆ ಕೇಳುವುದೇ ನೇರವಾದ ದಾರಿ.

ಅಂಕಿಗಳು ಕೆಟ್ಟಿರುವ ರೀತಿಯೇ ಬಹಳಷ್ಟು ಹೇಳುತ್ತದೆ. ಐದೂ 33ರ ಸುತ್ತಮುತ್ತ ಬಂದಿದ್ದರೆ ಉಕ್ಕಿನ ಮೇಲೇ ಅನುಮಾನ ಪಡಬೇಕಿತ್ತು. ಫರ್ನೇಸಿನಿಂದ ನೀರಿಗೆ ಹೋಗುವಷ್ಟರಲ್ಲಿ ತುಂಡು ಆರಿರಬಹುದು. ಅಥವಾ ಕಾಯುವಾಗ ಮೇಲ್ಪದರದ ಕಾರ್ಬನ್ ಗಾಳಿಗೆ ಸುಟ್ಟುಹೋಗಿದ್ದು, ಆ ಮೆತ್ತನೆಯ ಪದರವನ್ನು ಪೂರ್ತಿ ಗ್ರೈಂಡ್ ಮಾಡಿ ತೆಗೆಯದೆ ಇದ್ದಿರಬಹುದು. ಆದರೆ ಇಲ್ಲಿ ಅಂಕಿಗಳು 51ರಿಂದ 29ರವರೆಗೆ ಚೆಲ್ಲಾಡಿವೆ. ಈ 22 ಅಂಕಗಳೆಂದರೆ 0.044 ಮಿ.ಮೀ. ಇಳಿತ. ಒಂದೇ ತುಂಡಿನಲ್ಲಿ, ಒಂದೇ ಮುಖದಲ್ಲಿ ಇಷ್ಟು ಅಂತರ ಕಂಡರೆ ತುಂಡು ಕೂತ ರೀತಿಯನ್ನು ಮೊದಲು ನೋಡಬೇಕು.

ನೋಡಿದಾಗ ಸಿಕ್ಕಿದ್ದು ಇದು. ಮೇಲ್ಮುಖವನ್ನು ಅಷ್ಟು ಮುತುವರ್ಜಿಯಿಂದ ಉಜ್ಜಿದವರು ಅಡಿಮುಖವನ್ನು ಮುಟ್ಟಿರಲಿಲ್ಲ. ಕಾಯಿಸಿದ ಉಕ್ಕಿನ ಮೇಲೆ ಕಟ್ಟುವ ಕಪ್ಪು ಹಕ್ಕಳೆ, ವರ್ಕ್‌ಶಾಪ್‌ನವರ ಮಾತಿನಲ್ಲಿ ಸ್ಕೇಲ್, ಅಲ್ಲಿ ಹಾಗೆಯೇ ಇತ್ತು. ಇದು ಗಟ್ಟಿ, ಆದರೆ ಬಲು ಪೆಳಸು. 10 ಕಿಲೋ ಭಾರವನ್ನು ಅದು ತಡೆದುಕೊಳ್ಳುತ್ತದೆ, ಆದ್ದರಿಂದ ಸೊನ್ನೆ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಮಿಕ್ಕ 140 ಕಿಲೋ ಬಿದ್ದಾಗ ಒಡೆಯುತ್ತದೆ. ಭಾರ ತೆಗೆದ ಮೇಲೆ ಯಂತ್ರದ ಚೌಕಟ್ಟಿನ ಬಾಗು ಮೊದಲಿನಂತಾಗುತ್ತದೆ. ಪುಡಿಯಾದ ಸ್ಕೇಲ್ ಮಾತ್ರ ಮತ್ತೆ ಏಳುವುದಿಲ್ಲ. ಆ ಕುಸಿತವೆಲ್ಲ ಉಕ್ಕಿನ ಲೆಕ್ಕಕ್ಕೆ ಸೇರುತ್ತದೆ. ಈ ದೋಷ ಯಾವಾಗಲೂ ಅಂಕಿಯನ್ನು ಇಳಿಸುತ್ತದೆ, ಎಂದೂ ಏರಿಸುವುದಿಲ್ಲ. ಅದಕ್ಕೇ 51 ಮತ್ತು 50ನ್ನು ನಂಬಲು ಕಾರಣವಿದೆ, 29ನ್ನು ನಂಬಲು ಇಲ್ಲ.

ಇಷ್ಟು ತಿಳಿದ ವಿದ್ಯಾರ್ಥಿನಿಯೊಬ್ಬಳು ಬರೆಯುವ ಪತ್ರ ಹೀಗಿರಬಹುದು:

*ಮಾನ್ಯರೇ,*

*ವಿಷಯ: ರಾಕ್‌ವೆಲ್ ಗಡಸುತನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಲು ಅನುಮತಿ ಕೋರಿ.*

*ನಮ್ಮ ತಂಡ ಕಳೆದ ವಾರ ಇಎನ್8 ತುಂಡಿನ ಮೇಲೆ ಸಿ ಸ್ಕೇಲಿನಲ್ಲಿ ಪರೀಕ್ಷೆ ಮಾಡಿದಾಗ ಕ್ರಮವಾಗಿ 51, 38, 46, 29, 50 ಬಂದವು. ಇವುಗಳ ಸರಾಸರಿಯನ್ನು ಫಲಿತಾಂಶವೆಂದು ಬರೆಯಲು ನಮಗೆ ಧೈರ್ಯ ಬರುತ್ತಿಲ್ಲ. ಕಾರಣಗಳನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.*

*ಅಂಕಿಗಳು ಚೆದುರಿದ್ದನ್ನು ಕಂಡು, ಯಂತ್ರವನ್ನು ಬದಲಿಸದೆ 60 ಎಂದು ಗುರುತಿರುವ ಟೆಸ್ಟ್ ಬ್ಲಾಕಿನ ಮೇಲೆ ನೋಡಿದೆವು. 60, 59.5, 60 ಬಂದವು. ಆದ್ದರಿಂದ ಯಂತ್ರದಲ್ಲಾಗಲಿ, ವಜ್ರದ ಮೊನೆಯಲ್ಲಾಗಲಿ ದೋಷವಿದೆ ಎಂದು ನಾನು ಹೇಳುತ್ತಿಲ್ಲ. ತುಂಡನ್ನು ತಿರುಗಿಸಿದಾಗ ಅಡಿಯಲ್ಲಿ ಸ್ಕೇಲ್ ಹಾಗೆಯೇ ಇದ್ದು, ಕೆಲವು ಕಡೆ ಒಡೆದು ಉಕ್ಕು ಹೊಳೆಯುತ್ತಿತ್ತು. ಆನ್ವಿಲ್ ಮೇಲೆ ಕಪ್ಪು ಪುಡಿ ಬಿದ್ದಿತ್ತು. ಅಡಿಮುಖವನ್ನು ಸ್ವಚ್ಛ ಮಾಡದೆ ಇಟ್ಟದ್ದು ನಮ್ಮ ತಪ್ಪು. ಇದಲ್ಲದೆ 38 ಬಂದ ಗುಳಿ ತುಂಡಿನ ಅಂಚಿನಿಂದ 1 ಮಿ.ಮೀ. ಒಳಗೇ ಇದೆ.*

*ಅನುಮತಿ ಕೊಟ್ಟರೆ ಅಡಿಮುಖವನ್ನು ಗ್ರೈಂಡ್ ಮಾಡಿ, ಆನ್ವಿಲ್ ಒರೆಸಿ, ಮೊದಲು ಟೆಸ್ಟ್ ಬ್ಲಾಕಿನ ಮೇಲೆ ನೋಡಿ, ಅದೇ ತುಂಡಿನ ಅದೇ ಮುಖದಲ್ಲಿ ಹಳೆಯ ಗುಳಿಗಳಿಂದಲೂ ಅಂಚಿನಿಂದಲೂ 3 ಮಿ.ಮೀ. ದೂರದಲ್ಲಿ ಐದು ಹೊಸ ರೀಡಿಂಗ್ ತೆಗೆಯುತ್ತೇವೆ. ಹಳೆಯ ಅಂಕಿಗಳನ್ನು ಅಳಿಸದೆ ರೆಕಾರ್ಡಿನಲ್ಲಿ ಉಳಿಸಿ, ಹೊಸದನ್ನು ಪಕ್ಕದಲ್ಲಿ ಬರೆಯುತ್ತೇವೆ. ಹೊಸ ಅಂಕಿ ಕಡಿಮೆಯೇ ಬಂದರೂ ಅದನ್ನೇ ಫಲಿತಾಂಶವೆಂದು ಒಪ್ಪುತ್ತೇವೆ.*

*ತಮ್ಮ ವಿಧೇಯ ವಿದ್ಯಾರ್ಥಿನಿ*

ಈ ಪತ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವುದು ಟೆಸ್ಟ್ ಬ್ಲಾಕಿನ ಮಾತು. ಗಡಸುತನ ಮೊದಲೇ ಗೊತ್ತಿರುವ ಆ ಉಕ್ಕಿನ ಬಿಲ್ಲೆ ಪ್ರತಿ ಯಂತ್ರದ ಜೊತೆಗೂ ಇರುತ್ತದೆ, ಆದರೆ ಎಷ್ಟೋ ಕಡೆ ಪೆಟ್ಟಿಗೆಯಿಂದ ಹೊರಗೆ ಬರುವುದೇ ಇಲ್ಲ. ಅದರ ಮೇಲೆ ಸರಿಯಾದ ಅಂಕಿ ಬಂತೆಂದರೆ ಯಂತ್ರದ ಮೇಲಿನ ಅನುಮಾನ ಹೋಗಿ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ. ‘ಮೆಷಿನ್ ಸರಿಯಿಲ್ಲ ಸರ್’ ಎಂಬ ಮಾಮೂಲು ದೂರನ್ನು ವಿದ್ಯಾರ್ಥಿನಿ ತಾನೇ ಪರೀಕ್ಷಿಸಿ ಕೈಬಿಟ್ಟಿರುವುದರಿಂದ ಉಳಿದ ಕಾರಣಗಳಿಗೆ ತೂಕ ಬಂದಿದೆ.

3 ಮಿ.ಮೀ. ಎಂಬುದಕ್ಕೂ ಲೆಕ್ಕವಿದೆ. ಇಷ್ಟು ಗಡಸಿನ ಉಕ್ಕಿನಲ್ಲಿ ಗುಳಿಯ ಅಗಲ ಅರ್ಧ ಮಿ.ಮೀ.ಗೆ ಹತ್ತಿರ. ಎರಡು ಗುಳಿಗಳ ನಡುಗಳ ಅಂತರ ಆ ಅಗಲದ ಮೂರು ಪಟ್ಟಾದರೂ, ಅಂಚಿನಿಂದ ಎರಡೂವರೆ ಪಟ್ಟಾದರೂ ಇರಬೇಕು. ಅಂಚಿನಲ್ಲಿ ಒತ್ತಿದರೆ ಪಕ್ಕದಲ್ಲಿ ಆಸರೆಯಿಲ್ಲದೆ ಲೋಹ ಹೊರಕ್ಕೆ ಉಬ್ಬಿ ಅಂಕಿ ಇಳಿಯುತ್ತದೆ. ಹಳೆಯ ಗುಳಿಯ ಪಕ್ಕದಲ್ಲೇ ಒತ್ತಿದರೆ ಅಲ್ಲಿನ ಲೋಹ ಆಗಲೇ ಒತ್ತಡ ತಿಂದಿರುವುದರಿಂದ ಅಂಕಿಯನ್ನು ನಂಬುವ ಹಾಗಿಲ್ಲ. 3 ಮಿ.ಮೀ. ಬಿಟ್ಟರೆ ಎರಡಕ್ಕೂ ಧಾರಾಳ. ತುಂಡನ್ನು ಮಗುಚಿ ಅಡಿಮುಖದಲ್ಲಿ ಒತ್ತುತ್ತೇವೆ ಎಂದು ಕೇಳದಿರುವುದೂ ಸರಿಯೇ. ಹಾಗೆ ಮಾಡಿದರೆ ಹಳೆಯ ಗುಳಿಗಳ ಸುತ್ತ ಎದ್ದ ಅಂಚುಗಳು ಆನ್ವಿಲ್‌ಗೆ ತಗುಲಿ, ತುಂಡು ಮತ್ತೆ ಸಮನಾಗಿ ಕೂರುವುದಿಲ್ಲ.

ಮರುಪರೀಕ್ಷೆಯೇ ಬೇಡದ ತಪ್ಪೂ ಒಂದಿದೆ. ಡಯಲಿನಲ್ಲಿ ಕಪ್ಪು ಮತ್ತು ಕೆಂಪು ಅಂಕಿಗಳ ಎರಡು ಸಾಲುಗಳಿವೆ. ವಜ್ರದ ಮೊನೆಗೆ ಕಪ್ಪು, ಉಕ್ಕಿನ ಗುಂಡಿಗೆ ಕೆಂಪು. ಕೆಂಪಿನ ಲೆಕ್ಕ 100ರ ಬದಲು 130ರಿಂದ ಶುರುವಾಗುತ್ತದೆ. ವಜ್ರದಿಂದ ಒತ್ತಿ ಕೆಂಪು ಸಾಲನ್ನು ಓದಿದವರಿಗೆ 51ರ ಜಾಗದಲ್ಲಿ 81 ಕಾಣುತ್ತದೆ. ಐದೂ ಅಂಕಿಗಳು ಒಟ್ಟಾಗಿ 30 ಹೆಚ್ಚಿದ್ದರೆ ಓದಿದ ತಪ್ಪನ್ನು ರೆಕಾರ್ಡಿನಲ್ಲಿ ಬರೆದು 30 ಕಳೆದರೆ ಆಯಿತು.

ಮೇಷ್ಟ್ರು ಅನುಮತಿ ಕೊಡುವ ಮುಂಚೆ ಕೇಳಬಹುದಾದ ಗಟ್ಟಿ ಪ್ರಶ್ನೆ ಒಂದು ಉಳಿದಿದೆ. ಅಂಕಿ ಚೆಲ್ಲಾಡಲು ಉಕ್ಕೇ ಕಾರಣ ಆಗಿರಬಾರದೇಕೆ? ಆಗಿರಬಹುದು. ಕಾದ ತುಂಡನ್ನು ನೀರಿಗೆ ಹಾಕಿ ಅಲ್ಲಾಡಿಸದೆ ಬಿಟ್ಟರೆ ಅದರ ಸುತ್ತ ಹಬೆ ಅಂಟಿಕೊಂಡು, ಆ ಜಾಗ ನಿಧಾನವಾಗಿ ಆರಿ ಮೆತ್ತಗೆ ಉಳಿಯುತ್ತದೆ. ಆದರೆ ಇಂಥ ಮೆತ್ತನೆಯ ಜಾಗ ಇದ್ದಲ್ಲೇ ಇರುತ್ತದೆ. ಅಡಿ ಸ್ವಚ್ಛ ಮಾಡಿ 29 ಬಂದ ಗುಳಿಯಿಂದ 3 ಮಿ.ಮೀ. ಆಚೆ ಒತ್ತಿದಾಗ 50 ಬಂದರೆ ತಪ್ಪು ಸ್ಕೇಲಿನದ್ದು. ಅಲ್ಲಿ ಮತ್ತೆ 30ರ ಹತ್ತಿರ ಬಂದು, ಬೇರೆ ಕಡೆ 50 ಬಂದರೆ ತಪ್ಪು ನೀರಿಗೆ ಹಾಕಿದ ರೀತಿಯದ್ದು. ಅರ ಹಾಕಿಯೂ ನೋಡಬಹುದು: ಗಡಸು ಜಾಗದಲ್ಲಿ ಅರ ಜಾರಲು ನೋಡುತ್ತದೆ, ಮೆತ್ತನೆಯ ಜಾಗದಲ್ಲಿ ಕಚ್ಚುತ್ತದೆ. ಆದ್ದರಿಂದ ಹೊಸ ಐದು ಗುಳಿಗಳಲ್ಲಿ ಒಂದನ್ನಾದರೂ ಆ 29ರ ನೆರೆಯಲ್ಲೇ ಒತ್ತಬೇಕು ಎಂಬ ಷರತ್ತು ಹಾಕಿ ಮೇಷ್ಟ್ರು ಸಹಿ ಮಾಡಿದರೆ ಪರೀಕ್ಷೆ ಇನ್ನಷ್ಟು ಗಟ್ಟಿಯಾಗುತ್ತದೆ.

ಹೊಸ ಅಂಕಿಗಳು 50, 51, 51, 50, 52 ಎಂದು ಬಂದರೆ ಸರಾಸರಿ 50.8. ಹಳೆಯ ಐದರ ಪಕ್ಕದಲ್ಲಿ ‘ಅಡಿಮುಖದ ಸ್ಕೇಲ್ ಮತ್ತು ಅಂಚಿನ ಗುಳಿಯ ಕಾರಣ ಪರಿಗಣಿಸಿಲ್ಲ’ ಎಂದು ಬರೆದರೆ ರೆಕಾರ್ಡ್ ಪೂರ್ತಿ. ಐದೂ 33ರ ಸುತ್ತ ಬಂದು ನಿಂತರೆ, ಮೊದಲಿನ 51, 50 ಯಾವ ಪದರದಿಂದ ಬಂದವು ಎಂದು ಹುಡುಕದೆ ಬಿಡುವಂತಿಲ್ಲ. ಅಂಕಿ ಮೆತ್ತನೆಯ ಜಾಗದಲ್ಲಿ ಮಾತ್ರ ಇಳಿದಿದ್ದರೆ ಗಡಸುತನ ಪರೀಕ್ಷೆಯನ್ನು ಮೂರನೆಯ ಸಲ ಕೇಳಲು ಕಾರಣ ಉಳಿಯುವುದಿಲ್ಲ. ಆಗ ಬರೆಯಬೇಕಾದ ಅರ್ಜಿಯೇ ಬೇರೆ: ಹೊಸ ತುಂಡನ್ನು ಕಾಯಿಸಲು, ಈ ಸಲ ನೀರಿನಲ್ಲಿ ಇಕ್ಕಳದಿಂದ ಆಡಿಸುತ್ತಾ ತಣಿಸಲು ಅನುಮತಿ ಕೋರಿ.