ಆರು ತಿಂಗಳಲ್ಲಿ ಪ್ರೋಗ್ರಾಮಿಂಗ್: ಹಾಲಿನ ಲೆಕ್ಕ ಹಿಡಿದು ಕಲಿಯುವ ದಾರಿ

ಪ್ರೋಗ್ರಾಮಿಂಗ್ ಅನ್ನು ತಾವೇ ಕಲಿಯಲು ಹೊರಟ ಬಹಳಷ್ಟು ಮಂದಿ ಎರಡನೇ ತಿಂಗಳಿಗೆ ಕೈಬಿಡುತ್ತಾರೆ. ವಿಡಿಯೊ ನೋಡುವಾಗ ಎಲ್ಲವೂ ಅರ್ಥವಾಗಿರುತ್ತದೆ. ಖಾಲಿ ಫೈಲ್ ತೆರೆದು ಕೂತಾಗ ಮೊದಲ ಸಾಲೇ ಹೊಳೆಯುವುದಿಲ್ಲ. ಹಾಗಾಗಿ ಸ್ವಂತ ಕಲಿಕೆಯ ಯೋಜನೆಯಲ್ಲಿ ಪಾಠಗಳ ಪಟ್ಟಿಗಿಂತ ಮುಖ್ಯವಾದವು ತಂಗುದಾಣಗಳು, ಅಂದರೆ ಇಷ್ಟು ವಾರ ಮುಗಿದಾಗ ಇಂಥ ಪ್ರೋಗ್ರಾಮ್ ನಡೆಯಲೇಬೇಕು ಎಂಬ ಗಡಿಗಳು. ಪ್ರತಿ ತಂಗುದಾಣಕ್ಕೂ ಹೊಸ ವಿಷಯ ಹುಡುಕುವ ಬದಲು ಆರು ತಿಂಗಳೂ ಒಂದೇ ಕೆಲಸವನ್ನು ಬೆಳೆಸುತ್ತಾ ಹೋಗುವುದು ನನ್ನ ಪ್ರಕಾರ ಉತ್ತಮ. ಇಲ್ಲಿ ನಾನು ಆರಿಸಿಕೊಂಡಿರುವುದು ಹಳ್ಳಿಯ ಡೈರಿಯ ಹಾಲಿನ ಲೆಕ್ಕ. ಬೆಳಿಗ್ಗೆ ಸಂಜೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ವಾರದ ಬಟವಾಡೆ ಎಷ್ಟು ಎನ್ನುವುದಷ್ಟೇ ವಿಷಯ.

ಭಾಷೆ ಪೈಥಾನ್ ಇರಲಿ. ಅದು ಉಚಿತ, ಹಳೆಯ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ವಿಂಡೋಸಿನಲ್ಲಿ ಹಾಕಿಕೊಂಡರೆ ಬರೆಯಲು IDLE ಎಂಬ ಸಲಕರಣೆಯೂ ಜೊತೆಗೇ ಬರುತ್ತದೆ. ಸಮಯ ವಾರಕ್ಕೆ 8 ಗಂಟೆ: ಐದು ದಿನ ಒಂದೊಂದು ಗಂಟೆ, ಭಾನುವಾರ ಮೂರು ಗಂಟೆ. ಇದರಲ್ಲಿ ಓದುವುದಕ್ಕೆ, ನೋಡುವುದಕ್ಕೆ ಎರಡು ಗಂಟೆ ಮೀರಬಾರದು. ಉಳಿದ ಆರು ಗಂಟೆ ಕೈಯಿಂದ ಟೈಪ್ ಮಾಡುವುದಕ್ಕೇ ಮೀಸಲು. 26 ವಾರಕ್ಕೆ ಒಟ್ಟು 208 ಗಂಟೆ ಆಗುತ್ತದೆ.

ಮೊದಲ ನಾಲ್ಕು ವಾರದ ವಿಷಯಗಳು ಚಿಕ್ಕವು. ಒಂದನೇ ವಾರ ಫೈಲ್ ಬರೆದು ಓಡಿಸುವುದು ಮತ್ತು ವೇರಿಯಬಲ್, ಎರಡನೇ ವಾರ ಬಳಕೆದಾರನಿಂದ ಸಂಖ್ಯೆ ಪಡೆಯುವುದು, ಮೂರನೇ ವಾರ if, ನಾಲ್ಕನೇ ವಾರ for ಮತ್ತು while ಲೂಪ್. ಎರಡನೇ ವಾರದಲ್ಲೇ ಎಲ್ಲರೂ ಒಂದು ಕಡೆ ಎಡವುತ್ತಾರೆ.

```python
belige = input("ಬೆಳಗಿನ ಹಾಲು: ")
sanje = input("ಸಂಜೆ ಹಾಲು: ")
print(belige + sanje)
```

4.5 ಮತ್ತು 3.2 ಕೊಟ್ಟರೆ ಉತ್ತರ 7.7 ಬರುವುದಿಲ್ಲ, 4.53.2 ಬರುತ್ತದೆ. input ಕೊಡುವುದೆಲ್ಲ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್. ಎರಡು ಸ್ಟ್ರಿಂಗ್ ಕೂಡಿಸಿದರೆ ಒಂದರ ಪಕ್ಕ ಇನ್ನೊಂದು ಅಂಟಿಕೊಳ್ಳುತ್ತದೆ. ಎರಡನ್ನೂ float( ) ಒಳಗೆ ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಇಂಥ ತಪ್ಪನ್ನು ನೀವೇ ಮಾಡಿ ನೀವೇ ತಿದ್ದುವುದಕ್ಕೆ ಬೇಕಾದ ಅರ್ಧ ಗಂಟೆಯನ್ನು ಉಳಿಸಲು ಹೋಗಬೇಡಿ. ನಾಲ್ಕನೇ ವಾರದ ಕೊನೆಯ ತಂಗುದಾಣ ಇದು: ಒಬ್ಬರ ಏಳು ದಿನದ ಹಾಲನ್ನು ಕೇಳಿ ಪಡೆದು, ಒಟ್ಟು ಲೀಟರನ್ನೂ ಹಣವನ್ನೂ ತೋರಿಸುವ ಪ್ರೋಗ್ರಾಮ್. ಪುಸ್ತಕ, ವಿಡಿಯೊ ಮುಚ್ಚಿಟ್ಟು ಖಾಲಿ ಫೈಲಿನಿಂದ ಮುಕ್ಕಾಲು ಗಂಟೆಯಲ್ಲಿ ಬರೆಯಲು ಆಗಬೇಕು. ಆಗಲಿಲ್ಲವೆಂದರೆ ಐದನೇ ವಾರಕ್ಕೆ ಹೋಗದೆ ಲೂಪನ್ನೇ ಇನ್ನೊಂದು ವಾರ ಅಭ್ಯಾಸ ಮಾಡಿ.

ಐದು, ಆರನೇ ವಾರ ಲಿಸ್ಟ್ ಮತ್ತು ಡಿಕ್ಷನರಿ. ಹಾಲು ಹಾಕುವವರ ಹೆಸರಿನ ಮುಂದೆ ಅವರವರ ಲೀಟರ್ ಇಡುವುದು ಡಿಕ್ಷನರಿಯಿಂದ ಸುಲಭವಾಗುತ್ತದೆ. ಏಳನೇ ವಾರ ಫಂಕ್ಷನ್. ಎಂಟನೇ ವಾರ ಹೊಸ ಪಾಠ ಬೇಡ, ತಂಗುದಾಣ ಮಾತ್ರ: ಫ್ಯಾಟ್ ಕೊಟ್ಟರೆ ಲೀಟರಿನ ದರ ಹೇಳುವ ಫಂಕ್ಷನ್. ಲೆಕ್ಕ ಸುಲಭವಾಗಲೆಂದು 3.5 ಫ್ಯಾಟಿಗೆ 32 ರೂಪಾಯಿ, ಮೇಲಿನ ಪ್ರತಿ 0.1ಕ್ಕೆ 25 ಪೈಸೆ ಹೆಚ್ಚು ಎಂದಿಟ್ಟುಕೊಳ್ಳೋಣ. 3.8 ಫ್ಯಾಟ್ ಬಂದರೆ ಮೂರು ಮೆಟ್ಟಿಲು, ಅಂದರೆ 75 ಪೈಸೆ ಸೇರಬೇಕು.

```python
mettilu = int((3.8 - 3.5) / 0.1)
print(mettilu)
```

ಇದು 2 ಎನ್ನುತ್ತದೆ! ಕಂಪ್ಯೂಟರ್ ದಶಾಂಶವನ್ನು ಸೊನ್ನೆ-ಒಂದರ ರೂಪದಲ್ಲಿ ಇಟ್ಟುಕೊಳ್ಳುವುದರಿಂದ 3.8, 0.1ರಂಥ ಸಂಖ್ಯೆಗಳು ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಿ ಉಳಿಯುತ್ತವೆ. ಭಾಗಿಸಿದಾಗ ಮೂರಕ್ಕಿಂತ ತುಸು ಕಡಿಮೆ ಬರುತ್ತದೆ, int ಆ ಬಾಲವನ್ನು ಕತ್ತರಿಸಿ 2 ಮಾಡುತ್ತದೆ. 200 ಲೀಟರ್ ಹಾಕಿದವರಿಗೆ ಇದರಿಂದ 50 ರೂಪಾಯಿ ಕಡಿಮೆ ಸಿಗುತ್ತದೆ. ಪ್ರೋಗ್ರಾಮ್ ನಿಲ್ಲುವುದಿಲ್ಲ, ಕೆಂಪು ಅಕ್ಷರದ ಎಚ್ಚರಿಕೆಯೂ ಬರುವುದಿಲ್ಲ. ಕಾಗದದ ಮೇಲೆ ಮೊದಲೇ ಉತ್ತರ ಬರೆದಿಟ್ಟುಕೊಂಡು ಹೋಲಿಸಿದವರಿಗೆ ಮಾತ್ರ ಇದು ಕಾಣುತ್ತದೆ. ಪರಿಹಾರ ಸರಳ: ಫ್ಯಾಟನ್ನು 38, 35 ಎಂದು ಹತ್ತು ಪಟ್ಟು ಮಾಡಿ ಪೂರ್ಣಾಂಕವಾಗಿ ಇಡಿ, ಹಣವನ್ನು ಪೈಸೆಯಲ್ಲಿ ಇಡಿ. ಕೈಯಿಂದ ಲೆಕ್ಕ ಹಾಕಿದ ಐದು ಉದಾಹರಣೆಗಳೂ ಪ್ರೋಗ್ರಾಮಿನ ಉತ್ತರವೂ ಒಂದೇ ಆದಾಗ ಎರಡನೇ ತಂಗುದಾಣ ದಾಟಿದಂತೆ.

ಒಂಬತ್ತರಿಂದ ಹನ್ನೆರಡನೇ ವಾರದವರೆಗೆ ಫೈಲುಗಳ ಕೆಲಸ. ಅಲ್ಲಿಯವರೆಗೆ ಪ್ರೋಗ್ರಾಮ್ ಮುಚ್ಚಿದರೆ ಲೆಕ್ಕವೂ ಹೋಗುತ್ತಿತ್ತು, ಈಗ ಅದು CSV ಫೈಲಿನಲ್ಲಿ ಉಳಿಯುತ್ತದೆ. ಹೆಸರುಗಳನ್ನು ಕನ್ನಡದಲ್ಲೇ ಬರೆಯಿರಿ. ಆದರೆ ಫೈಲ್ ತೆರೆಯುವಾಗ encoding="utf-8" ಎಂದು ಸೇರಿಸುವುದನ್ನು ಮರೆಯಬೇಡಿ. ಮರೆತರೆ ವಿಂಡೋಸಿನಲ್ಲಿ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು, ಇಲ್ಲವೇ ಪ್ರೋಗ್ರಾಮೇ ನಿಲ್ಲಬಹುದು.

ಒಬ್ಬರು ಒಂದು ಸಂಜೆ ಹಾಲು ತರಲಿಲ್ಲ, ಆ ಜಾಗ ಖಾಲಿ ಇದೆ ಎನ್ನಿ. ಆಗ ಹೀಗೆ ಬರುತ್ತದೆ:

```
ValueError: could not convert string to float: ''
```

ದೋಷದ ಸಂದೇಶ ಉದ್ದವಾಗಿದ್ದರೆ ಗಾಬರಿಯಾಗದೆ ಕೊನೆಯ ಸಾಲನ್ನು ಮೊದಲು ಓದಿ. ಆಮೇಲೆ ಅದರ ಮೇಲಿರುವ ಸಾಲಿನ ಸಂಖ್ಯೆ ನೋಡಿ. ಇಲ್ಲಿ ಖಾಲಿ ಉದ್ಧರಣ ಚಿಹ್ನೆಗಳೇ ಕಾರಣ ಹೇಳುತ್ತಿವೆ. ಆ ಖಾಲಿ ಜಾಗವನ್ನು 0 ಎಂದು ತಿಳಿಯಬೇಕೋ, ಬರೆಯಲು ಮರೆತದ್ದೆಂದು ತೋರಿಸಬೇಕೋ ಎಂಬುದನ್ನು ಪೈಥಾನ್ ತೀರ್ಮಾನಿಸದು. ಅದನ್ನು ಡೈರಿಯಲ್ಲಿ ಲೆಕ್ಕ ಬರೆಯುವವರನ್ನು ಕೇಳಿಯೇ ನಿರ್ಧರಿಸಬೇಕು. ಬಂದ ಪ್ರತಿ ದೋಷದ ಕೊನೆಯ ಸಾಲು, ಅದರ ಕಾರಣ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಡಿ. ಇಂಗ್ಲಿಷ್ ಅಷ್ಟಾಗಿ ಬಾರದವರಿಗೆ ಈ ನೋಟ್‌ಬುಕ್ಕಿನಷ್ಟು ಉಪಯೋಗದ ಪುಸ್ತಕ ಬೇರೆ ಸಿಗದು.

ನಾಲ್ಕನೇ ತಿಂಗಳು, ಅಂದರೆ 13ರಿಂದ 16ನೇ ವಾರ, ಬರೆದದ್ದನ್ನು ಚೊಕ್ಕಟ ಮಾಡುವುದಕ್ಕೆ. ಉದ್ದದ ಫೈಲನ್ನು ಭಾಗ ಮಾಡುವುದು, ಎಂಟನೇ ವಾರದ ಆ ಐದು ಉದಾಹರಣೆಗಳನ್ನು ತಾನಾಗಿ ಪರೀಕ್ಷಿಸುವ ಪುಟ್ಟ ಪ್ರೋಗ್ರಾಮ್ ಬರೆಯುವುದು, ಹಳೆಯ ರೂಪಕ್ಕೆ ಮರಳಲು ಅನುವಾಗುವಂತೆ ಗಿಟ್ ಕಲಿಯುವುದು. 17ರಿಂದ 20ನೇ ವಾರ ಎಸ್‌ಕ್ಯೂಲೈಟ್, ಇದಕ್ಕೆ ಬೇಕಾದ ಸೌಕರ್ಯ ಪೈಥಾನ್ ಜೊತೆಗೇ ಬರುತ್ತದೆ. ಹೆಸರುಗಳಿಗೊಂದು, ದಿನದ ಹಾಲಿಗೊಂದು ಹೀಗೆ ಎರಡು ಟೇಬಲ್ ಮಾಡಿ, ಒಬ್ಬರ ಒಂದು ತಿಂಗಳ ಲೆಕ್ಕವನ್ನು ಒಂದೇ ಪ್ರಶ್ನೆಯಲ್ಲಿ ತೆಗೆಯಬಲ್ಲಿರಾದರೆ ಸಾಕು.

21ರಿಂದ 24ನೇ ವಾರ ಹೊಸ ಪಾಠವಿಲ್ಲ. ಹಾಲಿನ ಲೆಕ್ಕವನ್ನು ಬದಿಗಿಟ್ಟು ನಿಮ್ಮದೇ ಇನ್ನೊಂದು ಕೆಲಸ ಆರಿಸಿ: ಅಂಗಡಿಯ ಉದ್ರಿ, ಸಂಘದ ಸಾಲ, ಶಾಲೆಯ ಹಾಜರಿ. ಮಾದರಿ ನೋಡದೆ ಮಾಡಬೇಕಾದ ಕೆಲಸವಾದ್ದರಿಂದ ಆರು ತಿಂಗಳ ನಿಜವಾದ ಪರೀಕ್ಷೆ ಇದೇ. ಕೊನೆಯ ಎರಡು ವಾರ ಹಬ್ಬ, ಜ್ವರ, ಮದುವೆಗಳಲ್ಲಿ ತಪ್ಪಿದ್ದನ್ನು ತುಂಬಿಕೊಳ್ಳಲು. ತಪ್ಪದೇ ಇದ್ದರೆ ಪ್ರೋಗ್ರಾಮನ್ನು ಬೇರೆಯವರ ಕೈಗೆ ಕೊಟ್ಟು, ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಿ.

ಇಷ್ಟಕ್ಕೇ ಕಂಪನಿಯ ಕೆಲಸ ಸಿಗುತ್ತದೆ ಎಂದು ಹೇಳಲಾರೆ. 208 ಗಂಟೆಯಲ್ಲಿ ಸಣ್ಣ ಪ್ರೋಗ್ರಾಮನ್ನು ಸ್ವತಂತ್ರವಾಗಿ ಬರೆಯುವುದು, ತಪ್ಪು ಹುಡುಕುವುದು ಬರುತ್ತದೆ. ಮುಂದಿನ ಹಂತಕ್ಕೆ ಡೇಟಾ ಸ್ಟ್ರಕ್ಚರ್ ಮತ್ತು ಅಲ್ಗಾರಿದಮ್ ಬೇಕು. ಅದಕ್ಕೆ ಎನ್‌ಪಿಟಿಇಎಲ್‌ನಲ್ಲಿ ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟಿನ ಮಾಧವನ್ ಮುಕುಂದ್ ಅವರು ಪೈಥಾನ್ ಬಳಸಿಯೇ ಮಾಡಿದ ಇಂಗ್ಲಿಷ್ ಪಾಠಗಳಿವೆ. ಕೇಳಲು ಹಣ ಕೊಡಬೇಕಿಲ್ಲ, ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದರೆ ಮಾತ್ರ ಶುಲ್ಕ.