ಅಂಕಪಟ್ಟಿಯಿಂದ ಜೇಸನ್ ತೀರ್ಪಿಗೆ: ಒಂಬತ್ತನೇ ತರಗತಿಯ ಒಂದು ಪಾಠ

ಬೋಧನಾಭ್ಯಾಸಕ್ಕಾಗಿ ನನಗೆ ದೊರೆತದ್ದು ನಾಗಸಂದ್ರದ ಒಂದು ಪ್ರೌಢಶಾಲೆ. ಅಲ್ಲಿನ ಅನೇಕ ಮಕ್ಕಳ ತಂದೆತಾಯಂದಿರು ಪೀಣ್ಯದ ವರ್ಕ್‌ಶಾಪುಗಳಲ್ಲಿ ಕೆಲಸ ಮಾಡುವವರು. ಹೀಗಾಗಿ ಜೇಸನ್ ಪಾಠಕ್ಕೆ ಯಂತ್ರವೊಂದು ಶಾಫ್ಟನ್ನು ಅಳೆದು ಕೊಡುವ ತೀರ್ಪನ್ನೇ ಉದಾಹರಣೆಯಾಗಿ ಆರಿಸಿಕೊಂಡೆ. ಪೂರ್ವಜ್ಞಾನಕ್ಕೆ ಅಂಕಪಟ್ಟಿ ಇತ್ತು. ಅದನ್ನು ನೋಡದ ಮಗು ತರಗತಿಯಲ್ಲಿ ಇರುವುದಿಲ್ಲ.

ಕಪ್ಪುಹಲಗೆಯ ಎಡಭಾಗದಲ್ಲಿ 20 ಅಂಕದ ಕಿರುಪರೀಕ್ಷೆಯ ಪಟ್ಟಿಯನ್ನು ಬರೆದು, ಬಲಭಾಗದಲ್ಲಿ ಅದನ್ನೇ ಜೇಸನ್ ಆಗಿ ಬರೆದೆ. ಜೇಸನ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಇದು ನನಗೂ ಪಾಠಯೋಜನೆ ಬರೆಯುವಾಗಲೇ ಗೊತ್ತಾದದ್ದು.

```json
{
  "ಕನ್ನಡ": 17,
  "ಗಣಿತ": 5,
  "ತೀರ್ಪು": "ಫೇಲ್"
}
```

ಸುರುಳಿ ಆವರಣವೆಂದರೆ ಪಟ್ಟಿಯ ಚೌಕಟ್ಟು. ಎಡಕ್ಕೆ ವಿಷಯ, ಬಲಕ್ಕೆ ಅಂಕ, ಅಲ್ಪವಿರಾಮವೆಂದರೆ ಒಂದು ಸಾಲು ಮುಗಿಯಿತೆಂಬ ಗೆರೆ. ಪದಗಳಿಗೆ ಉದ್ಧರಣ ಚಿಹ್ನೆ ಬೇಕು, ಸಂಖ್ಯೆಗೆ ಬೇಡ. ಇಷ್ಟಕ್ಕೆ ಹತ್ತು ನಿಮಿಷ ಸಾಕಾಯಿತು.

ತಪ್ಪಿದ್ದು ಇಲ್ಲೇ. ‘ಫೇಲ್’ ಎಂದು ಬರೆದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ. ಹಿಂದಿನ ವಾರದ ಪರೀಕ್ಷೆಯಲ್ಲಿ ಅವನಿಗೆ ಗಣಿತದಲ್ಲಿ ಐದೇ ಅಂಕ ಬಂದಿತ್ತಂತೆ. ಇದನ್ನು ಮಾರ್ಗದರ್ಶಕ ಶಿಕ್ಷಕರು ಪಾಠದ ನಂತರ ಹೇಳಿದರು. ತರಗತಿಯಲ್ಲಿ ನನಗೆ ಕಾಣಿಸಿದ್ದು ಬಾಗಿದ ತಲೆ ಮಾತ್ರ. ಬೇಗನೆ ಶಾಫ್ಟಿನ ಉದಾಹರಣೆಗೆ ಹೋದೆ.

```json
{
  "measured_mm": 20.03,
  "min_mm": 19.98,
  "max_mm": 20.02,
  "verdict": "fail"
}
```

ಶಾಫ್ಟಿನ ವ್ಯಾಸ 19.98 ಮತ್ತು 20.02 ಮಿಲಿಮೀಟರ್ ನಡುವೆ ಇರಬೇಕಿತ್ತು, ಬಂದದ್ದು 20.03. ಮಿತಿಗಿಂತ 0.01 ಹೆಚ್ಚು. ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಫೇಲ್ ಆದ ಶಾಫ್ಟನ್ನ ಗುಜರಿಗೆ ಹಾಕ್ತಾರಾ?”

ನಾನು ಬಾಯಿ ತೆರೆಯುವ ಮೊದಲೇ ತಲೆ ತಗ್ಗಿಸಿದ್ದ ಹುಡುಗ ಹೇಳಿದ: “ಜಾಸ್ತಿ ಇದ್ರೆ ಗ್ರೈಂಡಿಂಗ್‌ಗೆ ವಾಪಸ್ ಹಾಕ್ತಾರೆ ಮಿಸ್. ಕಮ್ಮಿ ಆದ್ರೇನೇ ಗುಜರಿ. ನಮ್ಮಪ್ಪ ಅದೇ ಕೆಲಸ ಮಾಡೋದು.”

ನನ್ನ ಪಾಠಯೋಜನೆಯಲ್ಲಿ ಇಲ್ಲದ ಅಂಶವಿದು. ದಪ್ಪವಾದ ಶಾಫ್ಟನ್ನು ಇನ್ನಷ್ಟು ಸವೆಸಬಹುದು, ತೆಳುವಾದುದಕ್ಕೆ ಕಳೆದ ಲೋಹವನ್ನು ಮತ್ತೆ ಸೇರಿಸುವುದು ಸುಲಭವಲ್ಲ. ಎರಡಕ್ಕೂ ತೀರ್ಪು ಒಂದೇ, `fail`. ಮುಂದೆ ಏನು ಮಾಡಬೇಕೆಂದು ತಿಳಿಯಲು ಅಳತೆಯ ಸಾಲನ್ನೂ ಓದಬೇಕು, ಇಲ್ಲವೇ ಕಾರಣ ಹೇಳುವ ಇನ್ನೊಂದು ಸಾಲು ಬೇಕು. ಮಕ್ಕಳ ಸಲಹೆಯಂತೆ `"reason": "oversize"` ಎಂದು ಸೇರಿಸಿದೆವು. ಅಂಕಪಟ್ಟಿಯ ಕಡೆ ತಿರುಗಿ, ಗಣಿತದ ಐದು ಅಂಕಕ್ಕೂ ಕಾರಣದ ಸಾಲು ಇದ್ದರೆ ಏನು ಬರೆಯುವಿರಿ ಎಂದು ಕೇಳಿದೆ. “ಭಿನ್ನರಾಶಿ ಬರಲಿಲ್ಲ” ಎಂದ ಅದೇ ಹುಡುಗ, ಈ ಬಾರಿ ತಲೆಯೆತ್ತಿ.

ಎರಡನೆಯ ಅವಧಿಯನ್ನು ಗೈರುಹಾಜರಿಗೆ ಮೀಸಲಿಟ್ಟೆ. ಪರೀಕ್ಷೆಗೆ ಬಾರದವರಿಗೆ ಶಿಕ್ಷಕರು ಸೊನ್ನೆ ಹಾಕುವುದಿಲ್ಲ, ‘ಗೈ’ ಎಂದು ಬರೆಯುತ್ತಾರೆ. ಸೊನ್ನೆ ಎಂದರೆ ಬರೆದೂ ಅಂಕ ಬಂದಿಲ್ಲ ಎಂದರ್ಥ. ಜೇಸನ್‌ನಲ್ಲಿ ‘ಗೈ’ಯ ಕೆಲಸ ಮಾಡುವುದು `null`. ಅಳೆಯುವ ಮುಳ್ಳು ಶಾಫ್ಟಿಗೆ ತಾಗದಿದ್ದರೆ `"measured_mm": null` ಎಂದು ಬರಬೇಕು. ಇಲ್ಲಿಯವರೆಗೆ ಹೋಲಿಕೆ ಚೆನ್ನಾಗಿ ನಡೆಯುತ್ತದೆ. ಮುಂದೆ ಮುರಿಯುತ್ತದೆ, ಏಕೆಂದರೆ ‘ಗೈ’ಯನ್ನು ಓದುವವರು ಮನುಷ್ಯರು, `null` ಅನ್ನು ಓದುವುದು ಪ್ರೋಗ್ರಾಂ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟ್‌ನ ಈ ಸಾಲನ್ನು ಓಡಿಸಿ ತೋರಿಸಿದೆ:

```javascript
null < 19.98   // true
```

ಹೋಲಿಸುವಾಗ ಜಾವಾಸ್ಕ್ರಿಪ್ಟ್ `null` ಅನ್ನು ಸೊನ್ನೆಯಾಗಿ ಮಾರ್ಪಡಿಸಿಕೊಳ್ಳುತ್ತದೆ. ಅಂದರೆ ಅಳತೆಯೇ ಆಗದ ಒಳ್ಳೆಯ ಶಾಫ್ಟು ‘ತೀರಾ ತೆಳು’ ಎಂಬ ತೀರ್ಪು ಪಡೆದು ಗುಜರಿಗೆ ಹೋಗಬಹುದು. ಪೈಥಾನ್‌ನಲ್ಲಿ ಇದೇ ಹೋಲಿಕೆ ಮಾಡಿದರೆ ದೋಷಸೂಚನೆ ಬಂದು ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ನಿಲ್ಲುವುದೇ ಮೇಲು ಎಂಬುದು ಮಕ್ಕಳ ಅಭಿಪ್ರಾಯ, ನನ್ನದೂ ಹೌದು. ಗಮನಿಸಬೇಕಾದದ್ದೆಂದರೆ, ಮೊದಲ ಪ್ರಸಂಗದಲ್ಲಿ ಜೇಸನ್ ಒಂದಿಷ್ಟೂ ತಪ್ಪಿರುವುದಿಲ್ಲ. ಆವರಣ, ಅಲ್ಪವಿರಾಮ ಎಲ್ಲ ಸರಿಯಿದ್ದು ತೀರ್ಪು ಮಾತ್ರ ಸುಳ್ಳಾಗಿರುತ್ತದೆ. ಅಂದವಾಗಿ ಬರೆದ ಅಂಕಪಟ್ಟಿಯಲ್ಲೂ ಕೂಡಿಕೆ ತಪ್ಪಿರಬಹುದಲ್ಲವೇ ಎಂದಾಗ ಇದು ಅವರಿಗೆ ಥಟ್ಟನೆ ಹೊಳೆಯಿತು.

ಮನೆಗೆಲಸವಾಗಿ, `null` ಬಂದಾಗ `verdict` ಸಾಲಿನಲ್ಲಿ ಏನಿರಬೇಕೆಂದು ಬರೆದು ತರಲು ಹೇಳಿದ್ದೆ. ಕೆಲವರು ಅಲ್ಲಿಯೂ `null` ಎಂದು ಬರೆದಿದ್ದರು. ಹೆಚ್ಚಿನವರ ಉತ್ತರ `"recheck"`. ಆ ಹುಡುಗ ಮಾತ್ರ ಕನ್ನಡದಲ್ಲಿ `"ಮರುಪರೀಕ್ಷೆ"` ಎಂದು ಬರೆದು, ಕೆಳಗೆ ಕಾರಣದ ಸಾಲನ್ನೂ ಸೇರಿಸಿದ್ದ. ಅದರ ಹಿಂದಿನ ಸಾಲಿನ ಕೊನೆಗೆ ಅಲ್ಪವಿರಾಮ ಹಾಕುವುದನ್ನು ಮರೆತಿದ್ದ.